ಕರಗಿದರಷ್ಟೇ ಕಾಯುವ ಬಣ್ಣ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಆ ದಿನಗಳಲ್ಲಿ ಮಲ್ಪೆಗೆ ಹೋದರೆ, ವರ್ಷವಿಡೀ ನೀರೊಳಗೆ ಅಡಗಿಕೊಂಡಿದ್ದ ಬೋಟುಗಳ ಹೊಟ್ಟೆ ನೋಡಲು ಸಿಗುತ್ತದೆ. ದಡಕ್ಕೆ ಎಳೆದು, ಮರದ ದಿಮ್ಮಿಗಳ ಮೇಲೆ ಕೂರಿಸಿದ ಬೋಟಿನ ಅಡಿಗೆ ಬಗ್ಗಿ ಹೋದೆ. ಮೊದಲು ತಟ್ಟಿದ್ದು ವಾಸನೆ. ಹಳಸಿದ ಮೀನು, ಪಾಚಿ, ಉಪ್ಪು ಎಲ್ಲ ಸೇರಿದ್ದು. ಆಮೇಲೆ ಸದ್ದು. ಇಬ್ಬರು ಉದ್ದ ಹಿಡಿಯ ಕಬ್ಬಿಣದ ಪಟ್ಟಿಯಿಂದ ತಳವನ್ನು ಕೆರೆಯುತ್ತಿದ್ದರು. ಪ್ರತಿ ಎಳೆತಕ್ಕೂ ಬೂದುಬಣ್ಣದ ಪುಟ್ಟ ಪುಟ್ಟ ಗೋಪುರಗಳು ಪಟಪಟನೆ ಮುರಿದು ಕೆಳಗೆ ಬೀಳುತ್ತಿದ್ದವು.

ಅವೇ ಬಾರ್ನಕಲ್‌ಗಳು. ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡೆ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಬದಿಗಳಲ್ಲಿ ನೇರಳೆ ಗೆರೆ, ಮೇಲೆ ಬಾಯಿ ತೆರೆದ ಜ್ವಾಲಾಮುಖಿಯ ಆಕಾರ. ಅಂಚು ಎಷ್ಟು ಹರಿತವೆಂದರೆ ಬೆರಳು ಜಾರಿದರೆ ರಕ್ತ ಬರುವುದು ಖಂಡಿತ. ಬೋಟಿನ ಮೈಯಲ್ಲಿ ಅದು ಕೂತಿದ್ದ ಜಾಗದಲ್ಲಿ ಮಾತ್ರ ಸುಣ್ಣದ ಬೊಟ್ಟಿಟ್ಟಂತೆ ಒಂದು ಬಿಳಿ ಚಕ್ರ ಉಳಿದಿತ್ತು. ಗೋಪುರ ಮುರಿದರೂ ಪಾಯ ಬಿಡುವುದಿಲ್ಲ. ಕೆರೆಯುತ್ತಿದ್ದವರು ಆ ಚಕ್ರಗಳ ಮೇಲೆಯೇ ಹೆಚ್ಚು ಹೊತ್ತು ಕಳೆಯುತ್ತಿದ್ದರು. "ಇದನ್ನು ಬಿಟ್ಟರೆ ಅದರ ಮೇಲೆಯೇ ಮತ್ತೆ ಹಿಡೀತದೆ ಮಾರಾಯ್ರೆ" ಎಂದರು ಒಬ್ಬರು.

ಅವರ ಮಾತು ವಿಜ್ಞಾನದ ದೃಷ್ಟಿಯಿಂದಲೂ ಸರಿ. ಬಾರ್ನಕಲ್ ನೋಡಲು ಚಿಪ್ಪಿನ ಹಾಗಿದ್ದರೂ ಕಪ್ಪೆಚಿಪ್ಪಿನ ಬಳಗಕ್ಕೆ ಸೇರಿದ್ದಲ್ಲ, ಸಿಗಡಿ ಏಡಿಗಳ ನೆಂಟ. 1830ರ ಸುಮಾರಿಗೆ ಅದರ ಮರಿಗಳನ್ನು ನೋಡಿದ ಮೇಲಷ್ಟೇ ಇದು ಗೊತ್ತಾಯಿತು. ಅಲ್ಲಿಂದ ಮುಂದೆ ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಇದೊಂದೇ ಗುಂಪಿನ ಪ್ರಾಣಿಗಳನ್ನು ಕೊಯ್ದು ನೋಡುತ್ತ ಕೂತ. ಅಪ್ಪ ದಿನವೂ ಮಾಡುತ್ತಿದ್ದ ಈ ಕೆಲಸವನ್ನೇ ನೋಡಿ ಬೆಳೆದ ಅವನ ಮಗುವೊಂದು, ಪಕ್ಕದ ಮನೆಯವರ ವಿಷಯ ಬಂದಾಗ, ಅವರು ತಮ್ಮ ಬಾರ್ನಕಲ್ ಕೆಲಸ ಎಲ್ಲಿ ಕೂತು ಮಾಡುತ್ತಾರೆ ಎಂದು ಕೇಳಿತ್ತಂತೆ.

ಮೊಟ್ಟೆಯಿಂದ ಹೊರಬಂದ ಮರಿ ಬೆಚ್ಚಗಿನ ನೀರಿನಲ್ಲಿ ಸುಮಾರು ಒಂದು ವಾರ ತೇಲಾಡುತ್ತ, ತಿನ್ನುತ್ತ, ಪೊರೆ ಕಳಚುತ್ತ ಬೆಳೆಯುತ್ತದೆ. ಕೊನೆಯ ಹಂತದ ಮರಿಗೆ ಸೈಪ್ರಿಡ್ ಎಂದು ಹೆಸರು. ಅರ್ಧ ಮಿಲಿಮೀಟರು ಉದ್ದದ ಈ ಮರಿ ಏನನ್ನೂ ತಿನ್ನುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬು ಮುಗಿಯುವುದರೊಳಗೆ ಮನೆ ಹುಡುಕುವುದೊಂದೇ ಅದರ ಕೆಲಸ. ತಲೆಯ ಎರಡು ಮೀಸೆಗಳನ್ನೇ ಕಾಲು ಮಾಡಿಕೊಂಡು ಹಡಗಿನ ಮೈಮೇಲೆ ಹೆಜ್ಜೆ ಹಾಕುತ್ತದೆ. ಹೆಜ್ಜೆಯಿಟ್ಟಲ್ಲೆಲ್ಲ ಅಂಟಿನ ಗುರುತು ಬಿಡುತ್ತದೆ, ಹಿಡಿಸದಿದ್ದರೆ ಬಿಟ್ಟು ಈಜುತ್ತದೆ. ಹಿಡಿಸಿತೋ, ತಲೆಕೆಳಗಾಗಿ ನಿಂತು ಸಿಮೆಂಟು ಸುರಿದುಕೊಳ್ಳುತ್ತದೆ. ಅಲ್ಲಿಗೆ ಅದರ ಓಡಾಟ ಮುಗಿಯಿತು. ಇನ್ನು ಬದುಕಿರುವಷ್ಟು ದಿನವೂ ಸುಣ್ಣದ ಗೂಡಿನೊಳಗಿಂದ ಕಾಲುಗಳನ್ನು ಹೊರಚಾಚಿ ಆಹಾರ ಬಾಚಿಕೊಳ್ಳುವುದು.

ಒಮ್ಮೆ ಕೂತ ಮೇಲೆ ಏಳುವಂತಿಲ್ಲವಾದ್ದರಿಂದ ಸಂಗಾತಿಯ ಪಕ್ಕದಲ್ಲೇ ಕೂರಬೇಕು. ತನ್ನ ಜಾತಿಯವರು ಮೊದಲೇ ಕೂತಿದ್ದ ಜಾಗದ ಪ್ರೋಟೀನನ್ನು ಮರಿ ಮೀಸೆಯಿಂದಲೇ ಗುರುತಿಸುತ್ತದೆ. ಹಿಂದೆ ಬಂದವರ ಹೆಜ್ಜೆಗುರುತಾಗಲಿ, ಹಳೆಯ ಗೂಡಿನ ಪಾಯವಾಗಲಿ, ಅದಕ್ಕೆ ಕರೆಯೋಲೆಯಂತೆ. ಮಲ್ಪೆಯ ಆ ಮನುಷ್ಯ ಬಿಳಿ ಚಕ್ರದ ಮೇಲೆ ಕೋಪ ತೀರಿಸಿಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ.

ಮೀನಿನ ಬೋಟಿಗೆ ವರ್ಷಕ್ಕೊಮ್ಮೆ ದಡ ಕಾಣುವ ಭಾಗ್ಯವಾದರೂ ಇದೆ. ಕಲ್ಲಿದ್ದಲು, ಅದಿರು ಹೊರುವ ದೊಡ್ಡ ಹಡಗು ಡ್ರೈ ಡಾಕ್ ಸೇರುವುದು ಹಲವು ವರ್ಷಕ್ಕೊಮ್ಮೆ. ಹೆಚ್ಚಿನ ಬಣ್ಣಗಳನ್ನು 5 ವರ್ಷ ಬಾಳಲಿ ಎಂದೇ ಬಳಿಯುತ್ತಾರೆ. ಅಷ್ಟು ಕಾಲ ಅದರ ತಳವನ್ನು ಕಾಯಬೇಕಾದದ್ದು ಕೂದಲಿನ ನಾಲ್ಕೈದು ಪಟ್ಟು ದಪ್ಪದ ಬಣ್ಣದ ಪದರ. ಬಣ್ಣ ಎಂದರೆ ನಮ್ಮ ಮನಸ್ಸಿಗೆ ಬರುವುದು ಗೇಟಿನ ಬಣ್ಣ, ಗೋಡೆಯ ಬಣ್ಣ. ಎಷ್ಟು ಗಟ್ಟಿಯಾಗಿ ಕಚ್ಚಿಕೊಂಡು ನಿಂತರೆ ಅಷ್ಟು ಒಳ್ಳೆಯದು. ಹಡಗಿನ ತಳದ ಬಣ್ಣದ ಲೆಕ್ಕ ಇದಕ್ಕೆ ತಿರುಗುಮುರುಗು. ಅದು ಸವೆಯದಿದ್ದರೆ ಕೆಲಸಕ್ಕೆ ಬಾರದು. ಈ ಪಾಠವನ್ನು ಬ್ರಿಟಿಷ್ ನೌಕಾಪಡೆ ಇನ್ನೂರು ವರ್ಷದ ಹಿಂದೆ ತುಸು ಮುಖಭಂಗದೊಂದಿಗೇ ಕಲಿತದ್ದು.

ಮರದ ಹಡಗುಗಳ ಕಾಲ ಅದು. 1761ರಲ್ಲಿ ಅಲಾರ್ಮ್ ಎಂಬ ಯುದ್ಧನೌಕೆಯ ತಳಕ್ಕೆ ತೆಳು ತಾಮ್ರದ ತಗಡು ಹೊಡೆದು ನೋಡಿದರು. ಮರ ಕೊರೆಯುವ ಹುಳು ಒಳನುಗ್ಗಲಿಲ್ಲ, ಬಾರ್ನಕಲ್ ಕೂರಲಿಲ್ಲ. ಮುಂದೆ ಇಡೀ ನೌಕಾಪಡೆಯೇ ತಾಮ್ರ ತೊಟ್ಟಿತು. ಆದರೆ ಉಪ್ಪುನೀರಿನಲ್ಲಿ ತಾಮ್ರ ಕರಗಿ ತಗಡು ತೂತಾಗುತ್ತಿತ್ತು, ಖರ್ಚು ಕೈ ಮೀರುತ್ತಿತ್ತು. ಇದಕ್ಕೆ ಪರಿಹಾರ ಹುಡುಕಲು ಕೂತದ್ದು ಆ ಕಾಲದ ದೊಡ್ಡ ರಸಾಯನ ವಿಜ್ಞಾನಿ ಹಂಫ್ರಿ ಡೇವಿ. ತಾಮ್ರಕ್ಕೆ ಕಬ್ಬಿಣದ ಅಥವಾ ಸತುವಿನ ತುಂಡನ್ನು ತಾಗಿಸಿಟ್ಟರೆ, ಆ ತುಂಡು ತಾನು ಸವೆದು ತಾಮ್ರವನ್ನು ಉಳಿಸುತ್ತದೆ ಎಂದು 1824ರಲ್ಲಿ ತೋರಿಸಿದ. ಪ್ರಯೋಗಕ್ಕೆ ಸಿಕ್ಕ ಹಡಗುಗಳಲ್ಲಿ ಒಂದು ಸಮರಾಂಗ್. ನಮ್ಮ ಕೊಚ್ಚಿಯಲ್ಲಿ ತೇಗದ ಮರದಿಂದ ಕಟ್ಟಿದ್ದು.

ಡೇವಿಯ ರಸಾಯನಶಾಸ್ತ್ರದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ತಾಮ್ರ ಉಳಿಯಿತು. ಆದರೆ ಹಾಗೆ ರಕ್ಷಣೆ ಪಡೆದ ಹಡಗುಗಳ ತಳದಲ್ಲಿ ಪಾಚಿ, ಬಾರ್ನಕಲ್‌ಗಳು ತೋಟ ಹಾಕಿಕೊಂಡವು, ಹಡಗುಗಳು ತೆವಳತೊಡಗಿದವು. ಕೆಲವೇ ವರ್ಷದಲ್ಲಿ ನೌಕಾಪಡೆ ಆ ಕಬ್ಬಿಣದ ತುಂಡುಗಳನ್ನು ಕಿತ್ತೆಸೆಯಿತು. ಮರಿಗಳನ್ನು ಓಡಿಸುತ್ತಿದ್ದದ್ದು ತಗಡಲ್ಲ, ತಗಡಿನಿಂದ ಕರಗಿ ಬರುತ್ತಿದ್ದ ತಾಮ್ರ. ಕರಗುವುದನ್ನು ನಿಲ್ಲಿಸಿದ್ದೇ ತಡ, ಅದೂ ಎಲ್ಲ ಲೋಹಗಳಂತೆ ಒಂದು ಲೋಹವಾಗಿಬಿಟ್ಟಿತು. ಇದೇ ಉಪಾಯ ಇಂದು ಉಕ್ಕಿನ ಹಡಗುಗಳನ್ನು ತುಕ್ಕಿನಿಂದ ಕಾಯುತ್ತಿದೆ. ಡೇವಿಯ ದುರದೃಷ್ಟ, ಅವನು ಅದನ್ನು ಕಟ್ಟಿದ್ದು ಕರಗಲೇಬೇಕಾಗಿದ್ದ ಲೋಹಕ್ಕೆ.

ಇಂದಿನ ಬಣ್ಣದಲ್ಲಿ ತಗಡಿಲ್ಲ, ತಾಮ್ರದ ಆಕ್ಸೈಡಿನ ಕೆಂಪು ಪುಡಿ ಇದೆ. ಖಾಲಿ ಹಡಗಿನ ನೀರಿನ ಗೆರೆಯ ಕೆಳಗೆ ಕಾಣುವ ಕೆಂಪು ಮೊದಲು ಬಂದದ್ದು ಅದರಿಂದಲೇ. ಬಾರ್ನಕಲ್ ಮರಿ ಹತ್ತಿರ ಸುಳಿಯದಿರಲು ಒಂದು ಚದರ ಸೆಂಟಿಮೀಟರಿನಿಂದ ದಿನಕ್ಕೆ ಸುಮಾರು 10 ಮೈಕ್ರೋಗ್ರಾಂ ತಾಮ್ರ ಹೊರಬರುತ್ತಿರಬೇಕು ಎಂಬುದು ಈ ಕಸುಬಿನ ಹಳೆಯ ಅಂದಾಜು. ಓದಲು ಏನೂ ಅಲ್ಲವೆನ್ನಿಸುವ ಸಂಖ್ಯೆ. ಆದರೆ ಎಪ್ಪತ್ತೈದು ಸಾವಿರ ಟನ್ ಹೊರುವ ಹಡಗಿಗೆ ನೀರಿನಲ್ಲಿ ಮುಳುಗಿದ ಮೈ ಸುಮಾರು 12,000 ಚದರ ಮೀಟರು. ಗುಣಿಸಿ ನೋಡಿದರೆ ದಿನಕ್ಕೆ ಒಂದು ಕಿಲೋ ಇನ್ನೂರು ಗ್ರಾಂ ತಾಮ್ರ, 5 ವರ್ಷಕ್ಕೆ ಎರಡು ಟನ್ನಿಗೂ ಹೆಚ್ಚು. ಅಷ್ಟನ್ನೂ ಸಮುದ್ರಕ್ಕೆ ಸುರಿಯುತ್ತಲೇ ಒಂದು ಹಡಗು ತನ್ನ ಮೈ ನುಣುಪಾಗಿಟ್ಟುಕೊಳ್ಳುತ್ತದೆ.

ತೊಡಕಿರುವುದು ಈ ತಾಮ್ರವನ್ನು ಐದು ವರ್ಷಕ್ಕೆ ಸಮನಾಗಿ ಹಂಚುವುದರಲ್ಲಿ. ಹಳೆಯ ಬಣ್ಣಗಳಲ್ಲಿ ಮೇಲಿನ ಪುಡಿಯೆಲ್ಲ ಮೊದಲ ವರ್ಷವೇ ಕರಗಿ, ಒಣ ಸ್ಪಂಜಿನಂಥ ಟೊಳ್ಳು ಪದರ ಉಳಿಯುತ್ತಿತ್ತು. ಒಳಗಿನ ತಾಮ್ರಕ್ಕೆ ಹೊರಗೆ ಬರಲು ದಾರಿಯಿಲ್ಲ. ಹಾಗಾಗಿ ಪುಡಿಯನ್ನು ಹಿಡಿದಿಡುವ ಅಂಟನ್ನೇ ಸವೆಯುವಂತೆ ಮಾಡಿದರು. ಸಮುದ್ರದ ನೀರು ಈ ಅಂಟಿನ ಹೊರಮೈಯ ಕೊಂಡಿಗಳನ್ನು ಬಿಡಿಸಿ ಅದನ್ನು ಕರಗುವ ವಸ್ತುವಾಗಿಸುತ್ತದೆ, ಹಡಗು ಓಡುವಾಗ ನೀರಿನ ಉಜ್ಜಾಟಕ್ಕೆ ಆ ತೆಳು ಪೊರೆ ಹೋಗುತ್ತದೆ, ಕೆಳಗಿನಿಂದ ಹೊಸ ಮೈ ಬರುತ್ತದೆ. ಸ್ನಾನದ ಸಾಬೂನು ಸವೆದಂತೆ, ಸವೆದಷ್ಟೂ ನುಣುಪು.

ಈ ಜಾತಿಯ ಮೊದಲ ಬಣ್ಣಗಳಲ್ಲಿ ತಾಮ್ರದ ಜೊತೆಗೆ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತ ಇತ್ತು. ಹಡಗಿನವರ ಪಾಲಿಗೆ ಅದಕ್ಕಿಂತ ಒಳ್ಳೆಯ ಬಣ್ಣ ಆಮೇಲೆ ಬಂದಿಲ್ಲ ಎನ್ನುವ ಹಳಬರು ಈಗಲೂ ಇದ್ದಾರೆ. ಆದರೆ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರು 1970ರ ದಶಕದ ಕೊನೆಯಲ್ಲಿ ಮರಿಗಳನ್ನೂ ಕಳೆದುಕೊಂಡರು, ಮಾರುಕಟ್ಟೆಯನ್ನೂ ಕಳೆದುಕೊಂಡರು. ಉಳಿದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಗಿತ್ತು. ಒಂದು ಜಾತಿಯ ಕಡಲ ಬಸವನಹುಳುವಿನ ಹೆಣ್ಣುಗಳಲ್ಲಿ ಗಂಡಿನ ಅಂಗ ಬೆಳೆಯತೊಡಗಿತು. ಒಂದು ಲೀಟರು ನೀರಿನಲ್ಲಿ ಗ್ರಾಮಿನ ನೂರು ಕೋಟಿಯಲ್ಲಿ ಒಂದೆರಡು ಪಾಲು ತವರವಿದ್ದರೂ ಸಾಕಾಗಿತ್ತು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಇದನ್ನು ನಿಷೇಧಿಸಿತು. ಅಂತರರಾಷ್ಟ್ರೀಯ ಒಪ್ಪಂದ ಆಗಿದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ. ಸಿಂಪಿಯವರು ಕಣ್ಣೀರಿಟ್ಟು ಮೂವತ್ತು ವರ್ಷ ಆಗುತ್ತ ಬಂದಿತ್ತು.

ಅಂಟು ತವರದ್ದಿರಲಿ, ಈಗಿನ ತಾಮ್ರ, ಸತು, ಸಿಲೈಲ್‌ಗಳದ್ದಿರಲಿ, ಸಾಬೂನು ಸವೆಯಬೇಕಾದರೆ ಉಜ್ಜಬೇಕು. ಹಡಗು ಓಡಬೇಕು. ಬಂದರಿನ ಹೊರಗೆ ಲಂಗರು ಹಾಕಿ ಸರದಿಗೆ ಕಾಯುವ ಹಡಗಿನ ಕಷ್ಟ ಶುರುವಾಗುವುದೇ ಇಲ್ಲಿಂದ. ನಮ್ಮ ಕಡಲಿನಂಥ ಬೆಚ್ಚಗಿನ ನೀರಿನಲ್ಲಿ ನಿಂತ ಹಡಗಿಗೆ ಮೊದಲ ದಿನವೇ ಬ್ಯಾಕ್ಟೀರಿಯಾದ ಲೋಳೆ ಹತ್ತುತ್ತದೆ, ಕೆಲವೇ ದಿನದಲ್ಲಿ ಸೂಕ್ಷ್ಮ ಪಾಚಿ ಬಂದು ಸೇರಿ ಅದು ಕಂದುಬಣ್ಣದ ಜಾರುವ ಪೊರೆಯಾಗುತ್ತದೆ. ಸವೆತ ನಿಧಾನವಾಗಿ ಬಣ್ಣದ ಮೇಲೆ ಟೊಳ್ಳು ಪದರ ಕಟ್ಟುತ್ತದೆ. ಎರಡು ಮೂರು ವಾರ ಕಳೆಯುವುದರೊಳಗೆ ಸೈಪ್ರಿಡ್‌ಗಳು ಜಾಗ ನೋಡಲು ಬರುತ್ತವೆ. ಬಣ್ಣ ಮಾರುವವರು ಕೊಡುವ ಖಾತ್ರಿ ಪತ್ರದಲ್ಲೂ ಇಂತಿಷ್ಟು ದಿನಕ್ಕಿಂತ ಹೆಚ್ಚು ನಿಂತರೆ ನಾವು ಹೊಣೆಯಲ್ಲ ಎಂಬ ಸಾಲು ಇದ್ದೇ ಇರುತ್ತದೆ.

ಕೆಲವು ಗೂಡು, ಒಂದಿಷ್ಟು ಲೋಳೆ. ನೂರಾರು ಮೀಟರು ಉದ್ದದ ಹಡಗಿಗೆ ಇದೆಲ್ಲ ಯಾವ ಲೆಕ್ಕ ಎನ್ನಿಸಬಹುದು. ಹಡಗು ಸಾಗುವಾಗ ಅದರ ಮೈಗೆ ತಾಗಿದ ನೀರು ಹಡಗಿನೊಂದಿಗೇ ಬರುತ್ತದೆ, ದೂರದ ನೀರು ನಿಂತಲ್ಲೇ ನಿಂತಿರುತ್ತದೆ. ಇವೆರಡರ ನಡುವಿನ ನೀರು ಗಿರಕಿ ಹೊಡೆಯುತ್ತ ಹಡಗನ್ನು ಹಿಂದಕ್ಕೆ ಎಳೆಯುತ್ತದೆ. ನಿಧಾನವಾಗಿ ಸಾಗುವ ದೊಡ್ಡ ಸರಕು ಹಡಗಿನ ಎಂಜಿನ್ನಿನ ಬಹುಪಾಲು ಶಕ್ತಿ ಹೋಗುವುದು ಈ ಉಜ್ಜಾಟಕ್ಕೇ. ಅಲೆ ಎಬ್ಬಿಸಲು ಹೋಗುವುದು ಕಡಿಮೆ. ಹಡಗಿನ ಮೈಗೆ ಅಂಟಿಕೊಂಡ ತೀರಾ ತೆಳುವಾದ ಒಂದು ಪದರದಲ್ಲಿ ಮಾತ್ರ ನೀರು ಗಲಾಟೆಯಿಲ್ಲದೆ ಜಾರುತ್ತದೆ. ಉಬ್ಬುತಗ್ಗು ಆ ಪದರದೊಳಗೇ ಮುಚ್ಚಿಹೋದರೆ ಅದು ಇದ್ದೂ ಇಲ್ಲದ ಹಾಗೆ. ಆದರೆ ಗಂಟೆಗೆ 15 ನಾಟಿಕಲ್ ಮೈಲಿ ವೇಗದಲ್ಲಿ ಆ ಪದರದ ದಪ್ಪ ಸುಮಾರು 20 ಮೈಕ್ರಾನ್, ಎಂದರೆ ತಲೆಗೂದಲಿನ ಮೂರನೇ ಒಂದು ಪಾಲು. ಐದು ಮಿಲಿಮೀಟರು ಎತ್ತರದ ಬಾರ್ನಕಲ್ ಅದರ ಮುಂದೆ ಗದ್ದೆಯ ನಡುವೆ ನಿಂತ ತಾಳೆಮರ. ಪ್ರತಿಯೊಂದರ ಹಿಂದೆಯೂ ಸುಳಿ ಏಳುತ್ತದೆ, ಪ್ರತಿ ಸುಳಿಗೂ ಎಂಜಿನ್ ಎಣ್ಣೆ ಸುಡುತ್ತದೆ.

ಅಮೆರಿಕದ ನೌಕಾ ಅಕಾಡೆಮಿಯ ಮೈಕೆಲ್ ಶುಲ್ಟ್ಸ್ 2007ರಲ್ಲಿ ಇದಕ್ಕೆ ಅಂಕಿ ಕೊಟ್ಟರು. ಪ್ರಯೋಗಾಲಯದ ಅಳತೆಗಳನ್ನು ಒಂದು ಫ್ರಿಗೇಟ್ ಯುದ್ಧನೌಕೆಯ ಗಾತ್ರಕ್ಕೆ ಹಿಗ್ಗಿಸಿ ಲೆಕ್ಕ ಹಾಕಿದಾಗ, 15 ನಾಟ್ ವೇಗ ಕಾಯ್ದುಕೊಳ್ಳಲು ತೆಳು ಲೋಳೆಗೆ ಶೇ 11, ದಪ್ಪ ಲೋಳೆಗೆ ಶೇ 21, ಬಾರ್ನಕಲ್ ದಟ್ಟವಾಗಿ ಬೆಳೆದಿದ್ದರೆ ಶೇ 86ರಷ್ಟು ಹೆಚ್ಚು ಶಕ್ತಿ ಬೇಕೆಂದು ಬಂತು. ಬಾರ್ನಕಲ್‌ಗೆ ಎಲ್ಲರೂ ಹೆದರುತ್ತಾರೆ. ನನಗೆ ಇದರಲ್ಲಿ ಅಚ್ಚರಿ ಹುಟ್ಟಿಸಿದ್ದು ಲೋಳೆ. ಬೆರಳಿನಿಂದ ಒರೆಸಿದರೆ ಹೋಗುವ ಪೊರೆ ಐದನೇ ಒಂದು ಪಾಲು ಶಕ್ತಿ ನುಂಗುತ್ತದೆ.

ಒಂದು ಲೆಕ್ಕ ಹಾಕೋಣ. ನಮ್ಮ ಹಡಗು ಕಾಲ್ಪನಿಕ, ಆದರೆ ಈ ಗಾತ್ರದ ಹಡಗುಗಳ ಅಂಕಿಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ತಳ ಶುಚಿಯಾಗಿದ್ದಾಗ 12.5 ನಾಟ್ ವೇಗಕ್ಕೆ ದಿನಕ್ಕೆ 28 ಟನ್ ಎಣ್ಣೆ. ಎದುರಿಗಿರುವುದು 4,000 ನಾಟಿಕಲ್ ಮೈಲಿಯ ಪಯಣ. 320 ಗಂಟೆ, 373 ಟನ್. ಈಗ ಅದು ಯಾವುದೋ ಬಂದರಿನ ಹೊರಗೆ ಇಪ್ಪತ್ತೈದು ದಿನ ನಿಂತು ದಪ್ಪ ಲೋಳೆ ಹಿಡಿಸಿಕೊಂಡು ಶೇ 20 ಹೆಚ್ಚು ಶಕ್ತಿ ಕೇಳುತ್ತಿದೆ ಎನ್ನಿ. ಅದೇ ವೇಗ ಬೇಕೆಂದರೆ ದಿನಕ್ಕೆ 33.6 ಟನ್, ಇಡೀ ಪಯಣಕ್ಕೆ 75 ಟನ್ ಹೆಚ್ಚುವರಿ. ಟನ್ನಿಗೆ ಐವತ್ತು ಸಾವಿರ ರೂಪಾಯಿ ಹಿಡಿದರೆ ಮೂವತ್ತೇಳು ಲಕ್ಷ. ಒಂದು ಟನ್ ಎಣ್ಣೆಗೆ ಮೂರು ಟನ್ನಿಗೂ ಮೀರಿ ಇಂಗಾಲದ ಡೈಆಕ್ಸೈಡ್ ಬೇರೆ.

ಎಣ್ಣೆ ಹೆಚ್ಚಿಸದೆ ಇದ್ದಷ್ಟೇ ಸುಡುತ್ತೇವೆ ಎಂದರೆ? ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ವೇಗ ಅಷ್ಟೇನೂ ಕುಸಿಯುವುದಿಲ್ಲ, 11.8 ನಾಟಿಗೆ ಇಳಿಯುತ್ತದೆ. ಹೆಚ್ಚುವರಿ ಎಣ್ಣೆ 23 ಟನ್ ಮಾತ್ರ, ಆದರೆ ತಲುಪುವುದು ಇಪ್ಪತ್ತು ಗಂಟೆ ತಡ. ಮೋಸ ಹೋಗುವುದು ಇಲ್ಲೇ. ಮುಕ್ಕಾಲು ನಾಟ್ ವೇಗ ತಗ್ಗಿದ್ದನ್ನು ಎದುರುಗಾಳಿಯ ಮೇಲೆ, ಪ್ರವಾಹದ ಮೇಲೆ ಹಾಕಿ ಮರೆಯುವುದು ಸುಲಭ. ಅದಕ್ಕೇ ಹಡಗಿನವರು ಪ್ರತಿದಿನ ಮಧ್ಯಾಹ್ನ ಬರೆದು ಕಳಿಸುವ ವರದಿಯಲ್ಲಿ ವೇಗ, ಎಣ್ಣೆ, ಪ್ರೊಪೆಲ್ಲರ್ ಸುತ್ತು, ಗಾಳಿ ಎಲ್ಲ ಇರುತ್ತವೆ. ಗಾಳಿ ತಣ್ಣಗಿದ್ದ ದಿನಗಳನ್ನಷ್ಟೇ ಆರಿಸಿ ಸಾಲಾಗಿಟ್ಟು ನೋಡಿದರೆ ಲಂಗರಿನ ಹಿಂದೆ ಮುಂದೆ ಮೆಟ್ಟಿಲಿನಂತೆ ಒಂದು ಇಳಿತ ಕಾಣಿಸುತ್ತದೆ. ಎಂಜಿನ್ ಕೋಣೆಯವರಿಗೆ ಇದು ಇನ್ನೂ ಮೊದಲೇ ಗೊತ್ತಾಗಿರುತ್ತದೆ: ಅದೇ ಎಣ್ಣೆಗೆ ಸುತ್ತು ಕಡಿಮೆ, ಹೊಗೆಯ ತಾಪ ಹೆಚ್ಚು. ತಂಪಿಗೆಂದು ಕಡಲ ನೀರು ಒಳಗೆಳೆಯುವ ಜಾಲರಿಯಲ್ಲೂ ಬಾರ್ನಕಲ್ ಕೂತಿದ್ದರೆ ಎಂಜಿನ್ ಬಿಸಿಯೇರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ತಕ್ಷಣ ತೊಳೆಸುವುದಿಲ್ಲ? ತಂತ್ರಜ್ಞಾನಕ್ಕಿಂತ ವ್ಯವಹಾರವೇ ಇಲ್ಲಿ ಅಡ್ಡ ನಿಲ್ಲುವುದು. ಹಡಗು ಒಬ್ಬರದು, ಅವಧಿಗೆ ಬಾಡಿಗೆ ಹಿಡಿದವರು ಇನ್ನೊಬ್ಬರು. ಬಣ್ಣದ ಹಣ ಮಾಲೀಕರ ಜೇಬಿನಿಂದ, ಎಣ್ಣೆಯ ಹಣ ಬಾಡಿಗೆದಾರರ ಜೇಬಿನಿಂದ. ದುಬಾರಿ ಬಣ್ಣ ಬಳಿಸಿದರೆ ಉಳಿತಾಯ ಯಾರಿಗೋ. ಲಂಗರು ಹಾಕಿ ನಿಲ್ಲಿಸಿದ್ದು ಬಾಡಿಗೆದಾರರು, ತಳ ಹಾಳಾದದ್ದು ಮಾಲೀಕರದು. ಇಂತಿಷ್ಟು ದಿನ ನಿಂತರೆ ತೊಳೆಸುವ ಖರ್ಚು ಯಾರದ್ದು ಎಂದು ಕರಾರಿನಲ್ಲೇ ಬರೆದುಕೊಳ್ಳುತ್ತಾರೆ, ಆಮೇಲೆ ಆ ದಿನಗಳನ್ನು ಎಣಿಸುವುದರಲ್ಲೇ ಜಗಳವಾಡುತ್ತಾರೆ.

ತೊಳೆಯುವುದೂ ಹೇಳಿದಷ್ಟು ಸರಳವಲ್ಲ. ಮುಳುಗುಗಾರರು ತಿರುಗುವ ಬ್ರಷ್ಷಿನ ಯಂತ್ರ ಹಿಡಿದು ಇಳಿಯುತ್ತಾರೆ. ನಮ್ಮ ಲೆಕ್ಕದ ಮೂವತ್ತೇಳು ಲಕ್ಷದ ಮುಂದೆ ಅವರ ಬಿಲ್ಲು ಸಾಮಾನ್ಯವಾಗಿ ಚಿಕ್ಕದೇ. ಲೋಳೆಗೆ ಮೆತ್ತನೆಯ ಬ್ರಷ್ ಸಾಕು. ಬಾರ್ನಕಲ್ ಗಟ್ಟಿಯಾದ ಮೇಲೆ ತಂತಿಯ ಬ್ರಷ್ ಬೇಕು, ಅದು ಗೂಡಿನೊಂದಿಗೆ ಬಣ್ಣವನ್ನೂ ಕೀಳುತ್ತದೆ, ಎರಡು ವರ್ಷ ಬರಬೇಕಾಗಿದ್ದ ಪದರ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಕಿತ್ತ ಕಸದಲ್ಲಿ ತಾಮ್ರವೂ ಇದೆ, ಬೇರೆ ಕಡಲಿನ ಜೀವಿಗಳೂ ಇವೆ ಎಂದು ಎಷ್ಟೋ ಬಂದರುಗಳು ಇದಕ್ಕೆ ಬಿಡುವುದೇ ಇಲ್ಲ. 2022ರ ಕೊನೆಯಲ್ಲಿ ವೈಕಿಂಗ್ ಓರಿಯನ್ ಎಂಬ ಪ್ರವಾಸಿ ಹಡಗಿನ ತಳ ಶುಚಿಯಿಲ್ಲವೆಂದು ನ್ಯೂಜಿಲೆಂಡಿನ ಬಂದರುಗಳು ಬಾಗಿಲು ಹಾಕಿದವು. ಕೊನೆಗೆ ಆಸ್ಟ್ರೇಲಿಯಾದ ಅಡಿಲೇಡ್ ಬಳಿ ದಡದಿಂದ ದೂರ ನಿಲ್ಲಿಸಿ ತೊಳೆಸಬೇಕಾಯಿತು. ಹೊಸ ವರ್ಷ ಆಚರಿಸಲು ಹೊರಟ ಪ್ರಯಾಣಿಕರು ಮುಳುಗುಗಾರರ ಕೆಲಸ ಮುಗಿಯುವುದನ್ನು ಕಾಯುತ್ತ ಕೂತರು.

ವಿಷ ಬೇಡವೆನ್ನುವವರಿಗೆ ಸಿಲಿಕೋನ್ ಬಣ್ಣ ಇದೆ. ಅದು ಯಾರನ್ನೂ ಕೊಲ್ಲುವುದಿಲ್ಲ, ಕೂತವರಿಗೆ ಹಿಡಿತ ಕೊಡುವುದಿಲ್ಲ ಅಷ್ಟೆ. ಹಡಗು ವೇಗ ಹಿಡಿದಾಗ ನೀರಿನ ರಭಸಕ್ಕೆ ಬಾರ್ನಕಲ್ ಕಳಚಿ ಬೀಳುತ್ತದೆ. ಬೆಲೆ ಹೆಚ್ಚು, ಮೈ ಮೃದು. ಲಂಗರಿನ ಸರಪಳಿ ತಾಗಿದರೆ ಗೀರು, ಗೀರಿನಲ್ಲಿ ಹೊಸ ಸಂಸಾರ. ಲೋಳೆಯಂತೂ ಅದಕ್ಕೂ ಜಗ್ಗುವುದಿಲ್ಲ. ಇನ್ನೊಂದು ತಮಾಷೆಯ ಮದ್ದು ಮೆಡೆಟೊಮಿಡಿನ್. ಪಶುವೈದ್ಯರು ನಾಯಿಗಳಿಗೆ ಮಂಪರು ಬರಿಸಲು ಕೊಡುವುದು ಇದನ್ನೇ. ಬಾರ್ನಕಲ್ ಮರಿಗೆ ಇದರ ಪರಿಣಾಮ ತಿರುಗುಮುರುಗು. ಕಾಲು ಒದೆಯುತ್ತ ಈಜುತ್ತಲೇ ಇರುತ್ತದೆ, ಕೂರಲು ಆಗುವುದಿಲ್ಲ. ಆದರೆ ಪಾಚಿಗೂ ಲೋಳೆಗೂ ಇದು ನಾಟದು. ಆದ್ದರಿಂದ ಇದನ್ನು ಬೇರೆ ಮದ್ದುಗಳ ಜೊತೆ ಬೆರೆಸಿಯೇ ಬಳಿಯಬೇಕು.

ಮಲ್ಪೆಯಲ್ಲಿ ಸಂಜೆಯಾಗುವಷ್ಟರಲ್ಲಿ ಬೋಟಿನ ಒಂದು ಮಗ್ಗುಲು ಕೆರೆದು ಮುಗಿದಿತ್ತು. ಬೋಟು ಕೂತಿದ್ದ ದಿಮ್ಮಿಗಳನ್ನು ತೋರಿಸಿ, ಅದರಡಿಯ ಜಾಗಕ್ಕೆ ಬಣ್ಣ ಹೇಗೆ ಎಂದು ಕೇಳಿದೆ. ನೀರಿಗಿಳಿಸುವ ಮೊದಲು ದಿಮ್ಮಿ ಸರಿಸಿ ಬಳಿಯುತ್ತೇವೆ ಎಂದರು. ಸಾವಿರಾರು ಟನ್ನಿನ ಹಡಗಿಗೆ ಡ್ರೈ ಡಾಕಿನಲ್ಲಿ ಹಾಗೆ ಸರಿಸಲಾಗುವುದಿಲ್ಲ. ಅದು ಕೂತ ಕಟ್ಟೆಗಳ ಅಡಿಯ ಚೌಕಗಳು ಬಣ್ಣವಿಲ್ಲದೆಯೇ ಕಡಲಿಗೆ ಹೋಗುತ್ತವೆ, ಮುಂದಿನ ಸಲ ಕಟ್ಟೆಗಳನ್ನು ಬೇರೆ ಜಾಗಕ್ಕೆ ಜೋಡಿಸಿ ಆ ಚೌಕಗಳಿಗೆ ಬಳಿಯುತ್ತಾರೆ. ಅಲ್ಲಿಯವರೆಗೆ ಮುಳುಗುಗಾರರು ಇಳಿದಾಗಲೆಲ್ಲ ಹಡಗಿನ ಹೊಟ್ಟೆಯುದ್ದಕ್ಕೂ ಅವರಿಗೆ ಕಾಣುವುದು ಅಳತೆ ಹಿಡಿದು ನೆಟ್ಟಂತಿರುವ ಬಾರ್ನಕಲ್‌ಗಳ ಚೌಕಗಳು.